ಜಮೆಗೆ ಮಿತಿಯಿಲ್ಲ, ವರದಿಗೆ ಇದೆ

ಚಿತ್ರದುರ್ಗ, ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಕಡೆಯ ಅಡಿಕೆ, ತೆಂಗಿನ ಬೆಳೆಗಾರರಲ್ಲಿ ಒಂದು ನಂಬಿಕೆಯಿದೆ: ಉಳಿತಾಯ ಖಾತೆಗೆ ವರ್ಷಕ್ಕೆ 10 ಲಕ್ಷಕ್ಕಿಂತ ಹೆಚ್ಚು ನಗದು ಕಟ್ಟುವಂತಿಲ್ಲ. ಅಂಥ ನಿಷೇಧ ಕಾನೂನಿನಲ್ಲಿಲ್ಲ. 1962ರ ಆದಾಯ ತೆರಿಗೆ ನಿಯಮಗಳು ಹೇಳಿದ್ದು ಬೇರೆ. 2026ರ ಮಾರ್ಚ್‌ವರೆಗೆ ಒಂದೇ ದಿನ 50,000 ರೂಪಾಯಿ ಮೀರಿ ಕಟ್ಟಿದರೆ ಪ್ಯಾನ್ ಬರೆಯಬೇಕಿತ್ತು, ಪ್ಯಾನ್ ಇಲ್ಲದ ರೈತ ಫಾರಂ 60 ತುಂಬಿಕೊಡಬೇಕಿತ್ತು. ವರ್ಷದ ಒಟ್ಟು 10 ಲಕ್ಷ ಮುಟ್ಟಿದರೆ ಬ್ಯಾಂಕು ಅದನ್ನು ಮುಂದಿನ ಮೇ 31ರೊಳಗೆ ಇಲಾಖೆಗೆ ತಿಳಿಸಬೇಕು. ಚಾಲ್ತಿ ಖಾತೆಗಾದರೆ ಈ ಗಡಿ 50 ಲಕ್ಷ.

ಮೊದಲನೆಯದು ಹಲ್ಲಿಲ್ಲದ ನಿಯಮವಾಗಿತ್ತು. ದಿನಕ್ಕೆ 49,000ದಂತೆ ಕಟ್ಟುವ ಜಾಣತನ ಎಲ್ಲರಿಗೂ ಗೊತ್ತಿತ್ತು. ಆದರೆ ಹಾಗೆ 21 ಸಲ ಕಟ್ಟಿದರೆ ಮೊತ್ತ 10.29 ಲಕ್ಷ. ಪ್ಯಾನ್ ಒಮ್ಮೆಯೂ ಬರೆಯದಿದ್ದರೂ ವರದಿ ಹೋಗಿಯೇ ಹೋಗುತ್ತಿತ್ತು. ಮೇಲಾಗಿ ಆ 49,000ದ ಸಾಲು ನೋಡಿದವರಿಗೇ ಅನುಮಾನ ಹುಟ್ಟಿಸುತ್ತಿತ್ತು.

ನನ್ನ ತಕರಾರಿರುವುದು ಎರಡನೆಯದರ ಮೇಲೆ. ಹೊಳಲ್ಕೆರೆಯ ಒಬ್ಬ ಬೆಳೆಗಾರನ ಲೆಕ್ಕ ಹಾಕೋಣ. ಬೇರೆ ಬೇರೆ ವ್ಯಾಪಾರಿಗಳಿಗೆ, ಪ್ರತಿ ಸಲವೂ ಎರಡು ಲಕ್ಷದೊಳಗೆ ಅಡಿಕೆ ಮಾರಿ, ವರ್ಷದಲ್ಲಿ 7.5 ಲಕ್ಷ ನಗದು ಕಟ್ಟಿದ. ಬೋರ್‌ವೆಲ್ ಕೊರೆಸಲೆಂದು 3 ಲಕ್ಷ ತೆಗೆದ. ಲಾರಿ ಬರಲಿಲ್ಲ, ಹಣ ವಾಪಸ್ ಕಟ್ಟಿದ. ಬ್ಯಾಂಕಿನ ಲೆಕ್ಕದಲ್ಲಿ ನಗದು ಜಮೆ 10.5 ಲಕ್ಷ. ತನ್ನದೇ ದುಡ್ಡು ಎರಡು ಸಲ ಎಣಿಕೆಯಾಯಿತು. ಖಾತೆ ಹೆಂಡತಿಯ ಜೊತೆ ಜಂಟಿಯಾಗಿದ್ದರೆ ಅಷ್ಟೂ ಮೊತ್ತ ಇಬ್ಬರ ಹೆಸರಿಗೂ ಪೂರ್ತಿ ಏರುತ್ತದೆ, ನಿಯಮವೇ ಹಾಗಿದೆ. ಇತ್ತ ನಾಲ್ಕು ಬ್ಯಾಂಕುಗಳಲ್ಲಿ ಒಂಬತ್ತೊಂಬತ್ತು ಲಕ್ಷ ಕಟ್ಟಿದವನ ಬಗ್ಗೆ ಯಾವ ಬ್ಯಾಂಕೂ ವರದಿ ಮಾಡಬೇಕಿಲ್ಲ, ಏಕೆಂದರೆ ಒಂದೊಂದು ಬ್ಯಾಂಕು ಕೂಡುವುದು ತನ್ನಲ್ಲಿರುವ ಖಾತೆಗಳನ್ನು ಮಾತ್ರ. ಪ್ರಾಮಾಣಿಕ ಒಂದೇ ಶಾಖೆ ನಂಬಿಕೊಂಡರೆ ಸಿಕ್ಕಿಬೀಳುತ್ತಾನೆ, ಚಾಲಾಕಿ ನುಣುಚಿಕೊಳ್ಳುತ್ತಾನೆ.

ವರದಿಯಾದ ಮಾತ್ರಕ್ಕೆ ತೆರಿಗೆ ಬೀಳುವುದಿಲ್ಲ, ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆಯೂ ಇಲ್ಲ. ಆದರೆ ವರದಿಯಲ್ಲಿ ಮೊತ್ತವಿರುತ್ತದೆ, ಅದು ಅಡಿಕೆಯದೋ ಬಡ್ಡಿ ವ್ಯವಹಾರದ್ದೋ ಎಂಬುದಿರುವುದಿಲ್ಲ. ಕೇಳಿದಾಗ ಹೇಳುವ ಹೊಣೆ ರೈತನದು. ಮೂಲ ತೋರಿಸಲಾಗದ ಹಣಕ್ಕೆ 2026ರ ಮಾರ್ಚ್‌ವರೆಗೆ ಶೇ. 60ರ ತೆರಿಗೆ, ಸರ್‌ಚಾರ್ಜ್, ಸೆಸ್ ಸೇರಿ ಶೇ. 78 ಹೋಗುತ್ತಿತ್ತು. ನಗದಿನಲ್ಲೇ ನಡೆಯುವ ಮಂಡಿ ವ್ಯಾಪಾರಕ್ಕೆ ಇದು ಬಲು ಭಾರವಾದ ಶಿಕ್ಷೆಯಾಗಿತ್ತು.

ನಗದು ಮಾರಾಟದ ಎರಡು ಲಕ್ಷದ ಮಿತಿಯ ವಿಷಯದಲ್ಲಿ ಮಾತ್ರ ಕಾನೂನು ಸ್ಪಷ್ಟವಾಗಿದೆ. ಒಂದು ವ್ಯವಹಾರಕ್ಕೆ ಅಷ್ಟು ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದರೆ ದಂಡ, ಅದೂ ಪಡೆದವನಿಗೆ. ಅದಕ್ಕಿಂತ ಕಡಿಮೆ ಮೊತ್ತಕ್ಕೆ ರೈತ ತನ್ನ ಬೆಳೆಯನ್ನು ವ್ಯಾಪಾರಿಗೆ ನಗದಿಗೆ ಮಾರಿದರೆ ಪ್ಯಾನ್ ಕೊಡಬೇಕಿಲ್ಲವೆಂದು 2017ರ ನವೆಂಬರಿನಲ್ಲೇ ತೆರಿಗೆ ಮಂಡಳಿ ಸುತ್ತೋಲೆ ಹೊರಡಿಸಿದೆ.

2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ. ಹಾಗಾಗಿ ಮೇಲಿನ ಅಂಕಿಗಳನ್ನು ಶಾಖೆಯಲ್ಲಿ ಒಮ್ಮೆ ಕೇಳಿ ಖಚಿತಪಡಿಸಿಕೊಳ್ಳಿ. ಮಾರಾಟದ ಚೀಟಿ, ಬೆಳೆ ನಮೂದಾದ ಪಹಣಿ, ಹಣ ತೆಗೆದ ದಿನದ ಪಾಸ್‌ಬುಕ್ ಪುಟ, ಈ ಮೂರನ್ನು ಎತ್ತಿಡಿ.