ಬೋರ್ಡಿಗೆ ಎರಡು ಸಾಲು, ಬೆದರಿಕೆಗೆ ಒಂದೂವರೆ ಪುಟ

ಫ್ರಾಂಚೈಸಿ ಕರಾರು ಕೈಗೆ ಬಂದರೆ ನಾನು ಮೊದಲು ತಿರುವಿಹಾಕುವುದು ಕೊನೆಯ ಪುಟಗಳನ್ನು. ಒಪ್ಪಂದ ಮುಗಿದ ಮೇಲೆ ಯಾರು ಏನು ಮಾಡಬೇಕು ಎಂಬ ಭಾಗ ಅಲ್ಲಿರುತ್ತದೆ. ಚಹಾ ಅಂಗಡಿ, ಐಸ್‌ಕ್ರೀಂ ಪಾರ್ಲರ್, ಶಿಶುವಿಹಾರ, ಸಲೂನ್, ವ್ಯಾಪಾರ ಯಾವುದಿದ್ದರೂ ಈ ಭಾಗ ಹೆಚ್ಚುಕಡಿಮೆ ಒಂದೇ ಅಚ್ಚಿನದು. ಬೋರ್ಡು ಇಳಿಸುವ ಬಗ್ಗೆ ಎರಡು ಸಾಲು, ಮುಂದೆ ಪೈಪೋಟಿಗೆ ಇಳಿಯಬಾರದು ಎಂಬುದರ ಬಗ್ಗೆ ಒಂದೂವರೆ ಪುಟ. ನನ್ನ ತಕರಾರು ಈ ಅಳತೆಯ ಮೇಲೆಯೇ. ಕೋರ್ಟಿನಲ್ಲಿ ಗಟ್ಟಿಯಾಗಿ ನಿಲ್ಲುವ ಮಾತನ್ನು ಅವಸರದಲ್ಲಿ ಮುಗಿಸಿ, ನಿಲ್ಲದ ಮಾತನ್ನು ಇಷ್ಟುದ್ದ ಬರೆದಿರುತ್ತಾರೆ.

ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. ದಾವಣಗೆರೆಯಲ್ಲಿ ಒಬ್ಬಾಕೆ ಹೆಸರಾಂತ ಚಹಾ ಬ್ರ್ಯಾಂಡಿನ ಫ್ರಾಂಚೈಸಿ ತೆಗೆದುಕೊಂಡಿದ್ದಾರೆ. ಕರಾರು ಐದು ವರ್ಷದ್ದು, ಠೇವಣಿ 3 ಲಕ್ಷ. ನಡುವೆ ಬಿಡುವುದಾದರೆ 90 ದಿನಗಳ ನೋಟಿಸ್ ಕೊಡಬೇಕು. ಬಿಟ್ಟ ಮೇಲೆ ಎರಡು ವರ್ಷ, 5 ಕಿಲೋಮೀಟರ್ ಒಳಗೆ ಚಹಾ ವ್ಯಾಪಾರ ಮಾಡುವಂತಿಲ್ಲ. ಮಾಡಿದರೆ 10 ಲಕ್ಷ ಕಟ್ಟಬೇಕು. ಲಾಭ ಸಾಲುತ್ತಿಲ್ಲವೆಂದು ಆಕೆ ಹೊರಬರಲು ಯೋಚಿಸುತ್ತಿದ್ದಾರೆ. ಅದೇ ಮಳಿಗೆಯಲ್ಲಿ ಸ್ವಂತ ಹೆಸರಿನಲ್ಲಿ ಚಹಾ ಮಾರುವ ಆಸೆ ಇದೆ, ಆದರೆ ಆ 10 ಲಕ್ಷ ನಿದ್ದೆ ಕೆಡಿಸಿದೆ.

ಭಾರತೀಯ ಒಪ್ಪಂದ ಕಾಯಿದೆ 1872ರದು. ಅದರ ಕಲಂ 27ರ ಪ್ರಕಾರ, ಒಬ್ಬರನ್ನು ನ್ಯಾಯಬದ್ಧ ವ್ಯಾಪಾರದಿಂದ ತಡೆಯುವ ಕರಾರು ಆ ಮಟ್ಟಿಗೆ ಅನೂರ್ಜಿತ. ನಿಷೇಧ ಎರಡೇ ವರ್ಷದ್ದಲ್ಲವೇ, ಐದೇ ಕಿಲೋಮೀಟರ್ ಅಲ್ಲವೇ, ಇದು ನ್ಯಾಯವಾಗಿಯೇ ಇದೆ ಎಂಬ ವಾದ ಇಂಗ್ಲೆಂಡಿನಲ್ಲಿ ನಡೆದೀತು, ಇಲ್ಲಿ ನಡೆಯುವುದಿಲ್ಲ. ಇದು 1874ರಲ್ಲೇ ಕಲ್ಕತ್ತಾ ಹೈಕೋರ್ಟಿನಲ್ಲಿ ತೀರ್ಮಾನವಾದ ಸಂಗತಿ. ಊರಿನ ಒಂದೇ ಭಾಗದಲ್ಲಿ ಇಬ್ಬರು ಕಂಚುಗಾರರು ಪೈಪೋಟಿಯ ವ್ಯಾಪಾರ ನಡೆಸುತ್ತಿದ್ದರು. ನೀನು ಇಲ್ಲಿಯ ಅಂಗಡಿ ಮುಚ್ಚು, ನಿನಗೆ ಹಣ ಕೊಡುತ್ತೇನೆ ಎಂದ ಒಬ್ಬ. ಇನ್ನೊಬ್ಬ ಮುಚ್ಚಿದ; ಹಣ ಬರಲಿಲ್ಲ. ದಾವೆ ಹೂಡಿದರೆ, ಒಂದು ಬೀದಿಯ ಮಟ್ಟಿಗಿನ ತಡೆಯಾದರೂ ತಡೆಯೇ, ಕರಾರೇ ಅನೂರ್ಜಿತ ಎಂದು ಕೋರ್ಟು ಹೇಳಿತು. ಮಾತಿನಂತೆ ನಡೆದುಕೊಂಡವನೇ ಸೋತ. ನ್ಯಾಯವೆನಿಸದಿರಬಹುದು, ಆದರೆ ಕಾನೂನು ಅಂದಿನಿಂದ ಅದೇ ದಾರಿಯಲ್ಲಿದೆ. 2006ರಲ್ಲಿ ವೇಗದ ಬೌಲರ್ ಜಹೀರ್ ಖಾನ್ ಮತ್ತು ಅವರ ಹಿಂದಿನ ಏಜೆಂಟ್ ಕಂಪನಿಯ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೂ ಇದನ್ನೇ: ಕರಾರಿನ ಅವಧಿ ಮುಗಿದ ಮೇಲೂ ಬೆನ್ನು ಬಿಡದ ನಿರ್ಬಂಧಕ್ಕೆ ಬಲವಿಲ್ಲ.

ಹಾಗಾದರೆ ನಮ್ಮ ದಾವಣಗೆರೆಯಾಕೆ ನಾಳೆಯೇ ಸ್ವಂತ ಚಹಾ ಶುರುಮಾಡಬಹುದೇ? ಇಲ್ಲ. ಇಲ್ಲಿಯೇ ಬಹಳ ಜನ ಎಡವುತ್ತಾರೆ. ಕಲಂ 27 ಕಾಪಾಡುವುದು ಅವಧಿ ಮುಗಿದ ಮೇಲೆ. ನೋಟಿಸ್ ಕೊಟ್ಟ ದಿನ ಅವಧಿ ಮುಗಿಯುವುದಿಲ್ಲ. ನೋಟಿಸಿನ ಕಾಲವೂ ಅವಧಿಯೊಳಗಿನದೇ. 1995ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಗುಜರಾತ್ ಬಾಟ್ಲಿಂಗ್ ಮತ್ತು ಕೋಕಾಕೋಲಾ ನಡುವಿನ ಪ್ರಕರಣವನ್ನು ಫ್ರಾಂಚೈಸಿಯವರು ಓದಬೇಕಾದದ್ದು ಈ ಕಾರಣಕ್ಕೆ. ಅಹಮದಾಬಾದ್ ಮತ್ತು ರಾಜಕೋಟ್‌ಗಳಲ್ಲಿ ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್ ತುಂಬುತ್ತಿದ್ದ ಬಾಟ್ಲಿಂಗ್ ಕಂಪನಿಯ ಷೇರುಗಳು ಪೆಪ್ಸಿಯ ಕಡೆಯವರ ಕೈಸೇರಿದವು. ಕಂಪನಿ 90 ದಿನದ ನೋಟಿಸ್ ಕೊಟ್ಟು ಹೊರಬರಲು ನೋಡಿತು. 1993ರ ಒಪ್ಪಂದದಲ್ಲಿ ಇದ್ದದ್ದು ಒಂದು ವರ್ಷದ ನೋಟಿಸ್, ಅಲ್ಲಿಯತನಕ ಬೇರೆಯವರ ಪಾನೀಯ ಮುಟ್ಟುವಂತಿಲ್ಲ ಎಂದಿತು ಕೋರ್ಟು. ಒಪ್ಪಂದ ಜೀವಂತವಿರುವಾಗಿನ ನಿಷೇಧ ವ್ಯಾಪಾರಕ್ಕೆ ತಡೆಯಲ್ಲ, ವ್ಯಾಪಾರವನ್ನು ಬೆಳೆಸುವ ಏರ್ಪಾಡು ಎಂಬುದು ಅದರ ವಿವರಣೆ.

ಅಂದರೆ ಆ 90 ದಿನಗಳಲ್ಲಿ ಆಕೆ ಪಕ್ಕದ ಬೀದಿಯಲ್ಲಿ ಗಂಡನ ಹೆಸರಿನಲ್ಲಿ ಚಹಾ ಅಂಗಡಿ ತೆರೆದರೆ ಕಂಪನಿಗೆ ಸುಲಭವಾಗಿ ತಡೆಯಾಜ್ಞೆ ಸಿಗಬಹುದು. ತೊಂಬತ್ತೊಂದನೆಯ ದಿನ ತೆರೆದರೆ ಅದೇ ಆಜ್ಞೆ ಸಿಗುವುದು ಬಹಳ ಕಷ್ಟ. ಮೂಲ ನಿಷೇಧಕ್ಕೇ ಬಲವಿಲ್ಲವಾದ್ದರಿಂದ ಅದಕ್ಕೆ ಕಟ್ಟಿದ 10 ಲಕ್ಷದ ದಂಡಕ್ಕೂ ಬಲವಿಲ್ಲ.

ಇಷ್ಟಾದರೂ ಕಂಪನಿಗಳು ಆ ಒಂದೂವರೆ ಪುಟವನ್ನು ಬಿಡುವುದಿಲ್ಲ. ಕಾರಣ ಸರಳ: ಠೇವಣಿ ಅವರ ಕೈಯಲ್ಲಿದೆ. ನಿಷೇಧ ಮುರಿದಿದ್ದೀರಿ ಎಂದು 3 ಲಕ್ಷ ಹಿಡಿದಿಟ್ಟುಕೊಂಡರೆ, ಅದನ್ನು ಬಿಡಿಸಿಕೊಳ್ಳಲು ಆಕೆ ದೆಹಲಿಯಲ್ಲೋ ಮುಂಬೈಯಲ್ಲೋ ನಡೆಯುವ ಮಧ್ಯಸ್ಥಿಕೆಗೆ ಹೋಗಬೇಕು. ಅಲ್ಲಿಯ ವಕೀಲರ ಖರ್ಚು, ಮಧ್ಯಸ್ಥಗಾರರ ಶುಲ್ಕ ಸೇರಿದರೆ ಗೆದ್ದರೂ ಉಳಿಯುವುದು ಅಷ್ಟಕ್ಕಷ್ಟೆ. ಅನೂರ್ಜಿತ ಷರತ್ತು ಹೀಗೆ ಕೋರ್ಟಿನ ಹೊರಗೆ ಕೆಲಸ ಮಾಡುತ್ತದೆ. ಮಳಿಗೆಯ ಬಾಡಿಗೆ ಕರಾರು ಕಂಪನಿಯ ಹೆಸರಿನಲ್ಲಿದ್ದರಂತೂ ಪೈಪೋಟಿ ನಿಷೇಧ ಬೇಕೇ ಇಲ್ಲ, ಜಾಗವೇ ಕೈತಪ್ಪುತ್ತದೆ. ಕಂಪನಿ ಅಂಗಡಿಯನ್ನು ಬೆಲೆ ಕೊಟ್ಟು, ಅದರ ಹೆಸರು-ಗಿರಾಕಿಗಳ ಸಮೇತ ಕೊಂಡುಕೊಂಡರೆ ಮಾತು ಬೇರೆ. ಗುಡ್‌ವಿಲ್ ಮಾರಿದವರು ಸುತ್ತಮುತ್ತ ಅದೇ ವ್ಯಾಪಾರ ಮಾಡಬಾರದೆಂಬ ಷರತ್ತು, ನ್ಯಾಯವಾದ ಮಿತಿಯಲ್ಲಿದ್ದರೆ, ಕಲಂ 27ರ ವಿನಾಯಿತಿಯೊಳಗೇ ಬರುತ್ತದೆ. ಮಸಾಲೆಯ ಗುಟ್ಟು, ತರಬೇತಿ ಕೈಪಿಡಿ, ಗಿರಾಕಿಗಳ ದಾಖಲೆ ಬಳಸಬಾರದೆಂಬ ಮಾತಿಗೂ ಬಲವಿದೆ. ಶುಂಠಿ ಹಾಕಿ ಚಹಾ ಕುದಿಸುವುದು ಮಾತ್ರ ಯಾರ ಗುಟ್ಟೂ ಅಲ್ಲ.

ಈಗ ಆ ಎರಡು ಸಾಲಿಗೆ ಬರೋಣ. ಸಾಮಾನ್ಯವಾಗಿ ಅವು ಹೇಳುವುದಿಷ್ಟು: ಕರಾರು ಮುಗಿದ ಕೂಡಲೇ ಫ್ರಾಂಚೈಸಿ ಎಲ್ಲ ಬ್ರ್ಯಾಂಡ್ ಸಾಮಗ್ರಿಯ ಬಳಕೆ ನಿಲ್ಲಿಸಬೇಕು, ಬೋರ್ಡು ತೆಗೆಯಬೇಕು. 'ಕೂಡಲೇ' ಎಂದರೆ ಅದೇ ಸಂಜೆಯೋ ಏಳು ದಿನವೋ? ಖರ್ಚು ಯಾರದು? ಬೋರ್ಡನ್ನು ಆಕೆಯೇ ದುಡ್ಡು ಕೊಟ್ಟು ಮಾಡಿಸಿದ್ದಲ್ಲವೇ, ಹಾಗಾದರೆ ಇಳಿಸಿದ ಮೇಲೆ ಅದು ಯಾರಿಗೆ ಸೇರಬೇಕು? ಒಂದಕ್ಕೂ ಉತ್ತರವಿಲ್ಲ. ಆದರೆ ಆಕೆಗೆ ನಿಜವಾದ ಅಪಾಯ ಇರುವುದು ಇಲ್ಲಿ. 1999ರ ಟ್ರೇಡ್‌ಮಾರ್ಕ್ ಕಾಯಿದೆಯಂತೆ, ಅನುಮತಿ ಮುಗಿದ ಮೇಲೆ ಆ ಹೆಸರಿನಲ್ಲಿ ಒಂದು ದಿನ ವ್ಯಾಪಾರ ಮಾಡಿದರೂ ಅದು ಉಲ್ಲಂಘನೆ. ಕೋರ್ಟು ತಡೆಯಾಜ್ಞೆ ಕೊಡಬಹುದು, ನಷ್ಟಪರಿಹಾರ ಅಥವಾ ಲಾಭದ ಲೆಕ್ಕ ಕೇಳಬಹುದು, ಆ ಹೆಸರಿನ ಲೇಬಲ್ಲುಗಳನ್ನು ಒಪ್ಪಿಸಿ ನಾಶಮಾಡಲು ಹೇಳಬಹುದು, ಕಮಿಷನರ್ ಒಬ್ಬರನ್ನು ಅಂಗಡಿಗೇ ಕಳಿಸಬಹುದು.

ಬೋರ್ಡು ಇಳಿಸುವುದೂ ಒಂದು ಗಂಟೆಯ ಕೆಲಸವಲ್ಲ. ಹೊರಗಿನ ಎಸಿಪಿ ಹಲಗೆಯ ಮೇಲೆ ಅಂಟಿಸಿದ ಅಕ್ರಿಲಿಕ್ ಅಕ್ಷರಗಳನ್ನು ಕಿತ್ತರೆ ಕೆಳಗಿನ ಬಣ್ಣ ಹೊಸದರಂತೆ ಉಳಿದಿರುತ್ತದೆ, ಸುತ್ತಲಿನದು ಬಿಸಿಲಿಗೆ ಮಾಸಿರುತ್ತದೆ. ರಸ್ತೆಯ ಆಚೆ ನಿಂತು ನೋಡಿದರೆ ಹಳೆಯ ಹೆಸರನ್ನು ಸಲೀಸಾಗಿ ಓದಬಹುದು. ಮೊಳೆಯ ತೂತುಗಳೂ ಅದೇ ಅಕ್ಷರಗಳನ್ನು ಬರೆಯುತ್ತವೆ. ಹಾಗಾಗಿ ಹಲಗೆಯನ್ನೇ ಬದಲಿಸಬೇಕು, ಇಲ್ಲವೇ ಬಣ್ಣ ಬಳಿಯಬೇಕು. ಕಾಂಪ್ಲೆಕ್ಸಿನ ಹೆಸರಿನ ಫಲಕ, ಗಾಜಿನ ಸ್ಟಿಕ್ಕರ್, ಹುಡುಗರ ಟೀ ಶರ್ಟು, ಬಿಲ್ಲಿನ ತಲೆಬರಹ ಕಣ್ಣಿಗೆ ಬೀಳುವಂಥವು. ಕಣ್ಣಿಗೆ ಬೀಳದವೇ ಜಾಸ್ತಿ ತೊಂದರೆ ಕೊಡುತ್ತವೆ: ಗೂಗಲ್ ಮ್ಯಾಪಿನಲ್ಲಿನ ಹೆಸರು, ಸ್ವಿಗ್ಗಿ-ಜೊಮ್ಯಾಟೊ ಪಟ್ಟಿ, ವಾಟ್ಸ್‌ಆ್ಯಪ್ ಚಿತ್ರ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಗಿರಾಕಿಯ ಮೊಬೈಲಿನಲ್ಲಿ ಮೂಡುವ ವ್ಯಾಪಾರದ ಹೆಸರು, ಜಿಎಸ್‌ಟಿ ನೋಂದಣಿಯಲ್ಲಿನ ಹೆಸರು. ಗೂಗಲ್ ಪುಟ ಯಾರ ಇಮೇಲ್‌ನಲ್ಲಿದೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ, ಕಂಪನಿಯ ಹುಡುಗನೊಬ್ಬ ತೆರೆದು ಮರೆತ ಖಾತೆಯ ಪಾಸ್‌ವರ್ಡಿಗಾಗಿ ತಿಂಗಳುಗಟ್ಟಲೆ ಅಲೆಯಬೇಕಾದೀತು.

ಉಳಿದ ಸರಕಿನಲ್ಲಿ ಒಂದು ಸೂಕ್ಷ್ಮವಿದೆ. ಕಂಪನಿಯಿಂದಲೇ ಕೊಂಡ, ಮುಚ್ಚಿದ ಚಹಾಪುಡಿ ಪೊಟ್ಟಣವನ್ನು ಇದ್ದಂತೆಯೇ ಮರುಮಾರಾಟ ಮಾಡುವುದಕ್ಕೆ ಟ್ರೇಡ್‌ಮಾರ್ಕ್ ಕಾಯಿದೆಯ ಅಡ್ಡಿ ಇಲ್ಲ. ಕರಾರು ಬೇರೆ ಹೇಳಿದ್ದರೆ ಅದನ್ನು ನೋಡಬೇಕು. ಉಳಿದ ಸಾವಿರ ಪೇಪರ್ ಕಪ್ಪುಗಳಲ್ಲಿ ಸ್ವಂತ ಚಹಾ ಸುರಿದು ಕೊಡುವುದು ಮಾತ್ರ ಖಂಡಿತ ತಪ್ಪು. ಕಪ್ಪು ದಂಡವಾಗುತ್ತದೆ ಎಂಬ ಉಳಿತಾಯ ಬುದ್ಧಿಗೆ ಕೋರ್ಟು ಕಿವಿಗೊಡುವುದಿಲ್ಲ.

ಹಾಗೆಂದು ಬೋರ್ಡಿನ ಷರತ್ತು ತಾನಾಗಿಯೇ ಜಾರಿಯಾಗುವುದೂ ಇಲ್ಲ. 2017ರ ಆಗಸ್ಟ್ 21ರಂದು ಮೆಕ್‌ಡೊನಾಲ್ಡ್ಸ್ ಕಂಪನಿ ಉತ್ತರ ಮತ್ತು ಪೂರ್ವ ಭಾರತದ ತನ್ನ ಪಾಲುದಾರ ಸಂಸ್ಥೆ ಕನಾಟ್ ಪ್ಲಾಜಾ ರೆಸ್ಟೋರೆಂಟ್ಸ್‌ನ 169 ಮಳಿಗೆಗಳ ಫ್ರಾಂಚೈಸಿಯನ್ನು ರದ್ದುಮಾಡಿ, 15 ದಿನಗಳಲ್ಲಿ ಹೆಸರು, ಚಿಹ್ನೆ, ವಿನ್ಯಾಸಗಳ ಬಳಕೆ ನಿಲ್ಲಿಸಲು ಸೂಚಿಸಿತು. ಬೆಂಗಳೂರಿನವರಿಗೆ ಇದರ ಬಿಸಿ ತಟ್ಟಲಿಲ್ಲ, ದಕ್ಷಿಣದ ಮಳಿಗೆಗಳು ಬೇರೆ ಕಂಪನಿಯ ಕೈಯಲ್ಲಿದ್ದವು. ಗಡುವು ಮುಗಿದ ಮೇಲೂ ಆ ಮಳಿಗೆಗಳಲ್ಲಿ ಬಹಳಷ್ಟು ಅದೇ ಹಳದಿ ಚಿಹ್ನೆಯಡಿ ನಡೆದವು. ಕೊನೆಗೆ 2019ರ ಮೇ ತಿಂಗಳಲ್ಲಿ ಕಂಪನಿ ಪಾಲುದಾರರ ಷೇರುಗಳನ್ನೇ ಕೊಂಡು ಜಗಳ ಮುಗಿಸಿತು. ಅಷ್ಟು ದೊಡ್ಡ ಕಂಪನಿಗೇ 15 ದಿನ ಕಾಗದದ ಮೇಲಿನ ಗಡುವಾಗಿ ಉಳಿಯಿತು.

ಆದ್ದರಿಂದ ಎರಡೂ ಕಡೆಯವರ ಹಿತಕ್ಕೆ ನಾನು ಬಯಸುವ ಷರತ್ತು ಬೇರೆ ಥರದ್ದು. ಬೋರ್ಡು ಮತ್ತು ಆನ್‌ಲೈನ್ ಹೆಸರು ಕೊನೆಯ ದಿನದಿಂದ ಏಳು ದಿನದೊಳಗೆ ಹೋಗಬೇಕು, ಒಳಾಂಗಣದ ಬಣ್ಣ-ಗೋಡೆಚಿತ್ರ ಮೂವತ್ತು ದಿನದೊಳಗೆ; ತೆಗೆದದ್ದಕ್ಕೆ ದಿನಾಂಕ ಕಾಣುವ ಫೋಟೋ ಸಾಕ್ಷಿ; ಬಳಸದ ಕಪ್ಪು-ಚೀಲಗಳನ್ನು ಕಂಪನಿ ಕೊಂಡ ಬೆಲೆಗೇ ವಾಪಸ್ ಪಡೆಯಬೇಕು; ಫೋಟೋ ತಲುಪಿದ ಹದಿನೈದು ದಿನಕ್ಕೆ ಠೇವಣಿ ವಾಪಸ್. ಠೇವಣಿಯನ್ನು ಪೈಪೋಟಿ ನಿಷೇಧದಿಂದ ಬಿಡಿಸಿ ಬೋರ್ಡಿಗೆ ಕಟ್ಟಿದರೆ, ಬೋರ್ಡು ಬೇಗ ಇಳಿಯುತ್ತದೆ. ನಿಷೇಧದ ಒಂದೂವರೆ ಪುಟವನ್ನು ಹೊಡೆದುಹಾಕಿ, ಅವಧಿಯ ನಿಷ್ಠೆ ಮತ್ತು ಗುಟ್ಟಿನ ರಕ್ಷಣೆಯ ಎರಡು ಪ್ಯಾರಾ ಇಟ್ಟರೆ ಕಂಪನಿಗೆ ಏನೂ ನಷ್ಟವಿಲ್ಲ.

ಸಹಿ ಹಾಕಲು ಹೊರಟವರು ಇದನ್ನು ಮೊದಲ ದಿನವೇ ಕೇಳಿ, ಠೇವಣಿಯ ಚೆಕ್ಕು ಕೊಟ್ಟ ಮೇಲೆ ನಿಮ್ಮ ಮಾತಿಗೆ ಬೆಲೆ ಕಡಿಮೆ. ಹೊರಬರುತ್ತಿರುವವರು ನೋಟಿಸಿನ ಕೊನೆಯ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಬೋರ್ಡಿನವನಿಗೆ ಆ ದಿನಕ್ಕೇ ಹೇಳಿಡಿ. ಹೊಸ ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕು, 2024ರ ತಿದ್ದುಪಡಿಯ ನಂತರ ಅದು ಕಾನೂನು.