ಒಂದು ನಕ್ಷತ್ರದ ಕೆಳಗಿನ ಉತ್ತರ

ನಿಲಂಗಾದ ಸುತ್ತ ಬೋರಿನ ಮೋಟಾರು ಸುಟ್ಟರೆ ರೈತ ಮೊದಲು ಪಕ್ಕದ ಹೊಲದವರನ್ನು ಕೇಳುತ್ತಾನೆ. ಈಗೀಗ ಆಮೇಲಿನ ಹೆಜ್ಜೆಯೊಂದಿದೆ. ಮನೆಯ ಹುಡುಗ ಫೋನಿನಲ್ಲಿ ಗೂಗಲ್ ನಕ್ಷೆ ತೆರೆದು, ಆ ವೈಂಡಿಂಗ್ ಅಂಗಡಿಯ ಬಗ್ಗೆ ಜನ ಏನು ಬರೆದಿದ್ದಾರೆ ಎಂದು ಓದಿ ಹೇಳುತ್ತಾನೆ. ಐದು ನಕ್ಷತ್ರ ಕೊಟ್ಟವರನ್ನು ಅವನು ಓದುವುದಿಲ್ಲ. ಕಡಿಮೆ ನಕ್ಷತ್ರದವು ಮೊದಲು ಬರುವಂತೆ ಜೋಡಿಸಿಕೊಂಡು ಮೇಲಿನ ಮೂರು ದೂರುಗಳನ್ನು ಓದುತ್ತಾನೆ, ಪ್ರತಿ ದೂರಿನ ಕೆಳಗೆ ಮಾಲೀಕ ಏನು ಉತ್ತರ ಕೊಟ್ಟಿದ್ದಾನೆ ಎಂದು ನೋಡುತ್ತಾನೆ. ಅಂಗಡಿಯ ನಿಜವಾದ ಬೋರ್ಡು ಅದೇ.

ಅಂಗಡಿಕಾರರ ಮಾತನ್ನು ಸವಿಯುವುದು ಈ ಅಂಕಣದ ಹವ್ಯಾಸ. ಈ ವಾರ ಅವರು ಬರೆಯುವ ಮಾತಿನ ಸರದಿ. ಉಮರ್ಗಾ, ನಿಲಂಗಾ, ಉದ್ಗೀರ್ ಕಡೆಯ ಸಣ್ಣ ಅಂಗಡಿಗಳ ಇಂಥ ಉತ್ತರಗಳನ್ನು ಓದುತ್ತ ಹೋದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಗಲ್ಲೆಯ ಹಿಂದೆ ಕುಳಿತಾಗ ಒಂದು ದನಿ, ಪರದೆಯ ಮೇಲೆ ಬೇರೆಯದೇ ದನಿ. ಎದುರಿಗೆ ನಿಂತವರಿಗೆ ‘ಬರ್ರಿ ಕಾಕಾ, ಕೂಡ್ರಿ’ ಅನ್ನುವ ಮನುಷ್ಯ ಬರೆಯುವಾಗ ‘ಡಿಯರ್ ವ್ಯಾಲ್ಯೂಡ್ ಕಸ್ಟಮರ್’ ಆಗಿಬಿಡುತ್ತಾನೆ. ಅದನ್ನು ಬರೆದವನು ಪುಣೆಯಲ್ಲಿರುವ ಮಗನೋ, ತಿಂಗಳಿಗಿಷ್ಟು ಎಂದು ದುಡ್ಡು ತೆಗೆದುಕೊಳ್ಳುವ ಏಜೆನ್ಸಿಯೋ ಇರಬೇಕು. ಕೆಲವು ಏಜೆನ್ಸಿಗಳು ಪ್ರತಿ ಉತ್ತರದಲ್ಲೂ ‘ನಿಲಂಗಾದ ಅತ್ಯುತ್ತಮ ಮೋಟಾರ್ ರಿವೈಂಡಿಂಗ್ ಅಂಗಡಿ’ ಎಂದು ತುರುಕುತ್ತವೆ. ಹುಡುಕಾಟದಲ್ಲಿ ಮೇಲೆ ಬರಲಿ ಎಂಬ ಆಸೆ ಅದು. ಮೋಟಾರು ಸುಟ್ಟುಕೊಂಡವನ ದೂರಿನ ಕೆಳಗೆ ಆ ಸಾಲನ್ನು ಓದಿದವರು ಅಂಗಡಿಯವನಿಗೆ ದೂರು ಕೇಳಿಸಲೇ ಇಲ್ಲ ಎಂದು ತಿಳಿಯುತ್ತಾರೆ.

ಒಂದು ಅಂಗಡಿಯನ್ನು ಕಲ್ಪಿಸಿಕೊಂಡು ಈ ಕೆಲಸವನ್ನು ಬಿಡಿಸಿ ನೋಡೋಣ. ಸಬ್‌ಮರ್ಸಿಬಲ್ ಮೋಟಾರ್ ವೈಂಡಿಂಗ್ ಅಂಗಡಿ, ಬಸ್ ಸ್ಟ್ಯಾಂಡಿನ ಹತ್ತಿರ. ಗಿರಾಕಿಗಳು ನಿಲಂಗಾ ತಾಲ್ಲೂಕಿನವರು, ಗಡಿಯಾಚೆಯ ಭಾಲ್ಕಿ, ಬಸವಕಲ್ಯಾಣ, ಔರಾದ ಕಡೆಯವರು. ಲಾತೂರು ಜಿಲ್ಲೆಯಲ್ಲಿ ನೀರೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. 2016ರ ಏಪ್ರಿಲ್‌ನಲ್ಲಿ ಲಾತೂರು ನಗರಕ್ಕೆ ಮೀರಜಿನಿಂದ ರೈಲಿನಲ್ಲಿ ನೀರು ತರಬೇಕಾಯಿತು. ಇಂಥ ಕಡೆ ಏಪ್ರಿಲ್‌ನಲ್ಲಿ ಮೋಟಾರು ಎರಡನೇ ಸಲ ಸುಟ್ಟವನು ಬರೆಯುವ ದೂರು ಹೀಗಿರುತ್ತದೆ: ‘ಹತ್ತ ದಿನದಾಗ ಮತ್ತ ಸುಟ್ಟದ. ರೊಕ್ಕ ಪೂರಾ ತಗೊಂಡಾರ. ಫೋನ್ ಎತ್ತಂಗಿಲ್ಲ. ಯಾರೂ ಹೋಗಬ್ಯಾಡ್ರಿ.’ ಒಂದು ನಕ್ಷತ್ರ.

ಮಾಲೀಕನಿಗೆ ಮೊದಲು ಹೊಳೆಯುವ ಉತ್ತರ: ‘ನಮ್ಮ ಕೆಲಸ ಬರೋಬರಿ ಅದ, ನಿಮ್ಮ ಡಿಪಿ ಸರಿ ಇಲ್ಲ, ಮೊದಲು ಹಳೇ ಉದ್ರಿ ಕೊಡ್ರಿ.’ ಮೂರು ಮಾತೂ ನಿಜವೇ ಇರಬಹುದು, ಆದರೂ ಮೂರನ್ನೂ ಬರೆಯಬಾರದು. ಮೋಟಾರು ಬಿಚ್ಚುವ ಮೊದಲೇ ತೀರ್ಪು ಕೊಟ್ಟ ಹಾಗಾಗುತ್ತದೆ. ಉದ್ರಿಯ ಮಾತಂತೂ ಎಲ್ಲಕ್ಕಿಂತ ಕೆಟ್ಟದ್ದು. ನಮ್ಮಲ್ಲಿ ಸೋಯಾಬೀನ್ ಮಾರಿ ಬಂದ ಮೇಲೆ ಅಂಗಡಿಯ ಬಾಕಿ ತೀರಿಸುವುದು ವಾಡಿಕೆ, ಉದ್ರಿ ಇರದ ಮನೆಯೇ ಕಡಿಮೆ. ಅದನ್ನು ಊರೆಲ್ಲ ಓದುವ ಜಾಗದಲ್ಲಿ ಹಾಕಿದರೆ ನಾಳೆ ನನ್ನದನ್ನೂ ಹಾಕುತ್ತಾನೆ ಎಂದು ಉಳಿದವರೂ ಹೆದರುತ್ತಾರೆ. ಗಿರಾಕಿಯ ಊರು, ಫೋನ್ ನಂಬರು, ಬಿಲ್ಲಿನ ಮೊತ್ತ ಇವೂ ಅದೇ ಲೆಕ್ಕಕ್ಕೆ ಸೇರುತ್ತವೆ. ಅವನು ತಾನಾಗಿ ಬರೆದಿಲ್ಲದ ವಿವರವನ್ನು ಉತ್ತರದಲ್ಲಿ ಹೊರಗೆ ಹಾಕಬಾರದು.

ಹಾಗಾದರೆ ಬರೆಯುವುದೇನು? ಉತ್ತರಕ್ಕೆ ಬೇಕಾದ ಸಾಮಗ್ರಿ ಅಂಗಡಿಯ ಕೆಲಸದಲ್ಲೇ ಇದೆ. ಸುಟ್ಟ ಮೋಟಾರನ್ನು ಬಿಚ್ಚಿದರೆ ಯಾಕೆ ಸುಟ್ಟಿತೆಂದು ಸುರುಳಿಗಳೇ ತೋರಿಸುತ್ತವೆ. ಸ್ಟಾರ್ ಜೋಡಣೆಯ ಮೂರು ಫೇಸಿನ ಮೋಟಾರಿಗೆ ಡಿಪಿಯಲ್ಲಿ ಒಂದು ಫೇಸ್ ಹೋದರೆ ಉಳಿದೆರಡು ಫೇಸಿನ ಸುರುಳಿಗಳು ಮಿತಿ ಮೀರಿದ ಕರೆಂಟ್ ಹೊತ್ತು ಕಪ್ಪಾಗುತ್ತವೆ, ಮೂರನೆಯದು ತಾಮ್ರದ ಬಣ್ಣದಲ್ಲೇ ಉಳಿಯುತ್ತದೆ. ಮೂರೂ ಒಂದೇ ಸಮ ಕರಕಲಾಗಿದ್ದರೆ ವೋಲ್ಟೇಜ್ ಬಿದ್ದು, ಪಂಪು ಜಾಮ್ ಆಗಿ, ಇಲ್ಲವೆ ಬೋರಿನಲ್ಲಿ ನೀರು ಇಳಿದು ಖಾಲಿ ಓಡಿ ಸುಟ್ಟಿರಬೇಕು. ಉಳಿದದ್ದೆಲ್ಲ ಚೊಲೋ ಇದ್ದು ಒಂದೇ ಜಾಗದಲ್ಲಿ ಸುಟ್ಟಿದ್ದರೆ, ಅದರಲ್ಲೂ ಕೇಬಲ್ ಕೂಡಿಸಿದ ಜಾಯಿಂಟಿನಲ್ಲಿ ಅಥವಾ ತಂತಿಯ ಪ್ಲಾಸ್ಟಿಕ್ ಹೊದಿಕೆ ಕೆರೆದುಹೋದ ಕಡೆ ನೀರು ಹೊಕ್ಕಿದ್ದರೆ, ಬೊಟ್ಟು ವೈಂಡಿಂಗ್ ಮಾಡಿದವನ ಕಡೆಗೇ ತಿರುಗುತ್ತದೆ. ಗ್ಯಾರಂಟಿ ಯಾವುದಕ್ಕೆ ಬರುತ್ತದೆ, ಯಾವುದಕ್ಕೆ ಇಲ್ಲ ಎಂಬುದು ನಿಂತಿರುವುದು ಈ ವ್ಯತ್ಯಾಸದ ಮೇಲೆ. ಮಿಸ್ತ್ರಿಗೆ ಇದು ಗೊತ್ತು, ಗಿರಾಕಿಗೆ ಯಾರೂ ಹೇಳಿರುವುದಿಲ್ಲ.

ಇದನ್ನಿಟ್ಟುಕೊಂಡು ನಾನು ಬರೆಯುವ ಉತ್ತರ ಹೀಗಿರುತ್ತದೆ:

‘ನಮಸ್ಕಾರ್ರಿ. ಹತ್ತ ದಿನದಾಗ ಮತ್ತ ಸುಟ್ಟದ ಅಂದ್ರ ಸಿಟ್ಟು ಬರೋದೇ. ಫೋನ್ ಎತ್ತಲಿಲ್ಲ, ಅದು ನಮ್ಮ ತಪ್ಪು. ಮೋಟಾರ್ ತಗೊಂಡ ಬರ್ರಿ, ನಿಮ್ಮ ಮುಂದೇ ಬಿಚ್ತೀವಿ. ಎರಡು ಫೇಸ್ ಸುಟ್ಟು ಒಂದು ಚೊಲೋ ಉಳಿದಿದ್ರ ಲೈನಿನಾಗ ಫೇಸ್ ಹೋಗಿ ಸುಟ್ಟದ ಅಂತ ತಿಳೀಬೇಕು, ಅದಕ್ಕ ಗ್ಯಾರಂಟಿ ಬರಂಗಿಲ್ಲ, ಮಜೂರಿಯಾಗ ಸ್ವಲ್ಪ ಕಮ್ಮಿ ಮಾಡ್ತೀವಿ. ಜಾಯಿಂಟಿನಾಗ ನೀರು ಹೊಕ್ಕಿದ್ರ ನಮ್ಮ ಕೆಲಸದ ತಪ್ಪು, ಪುಕ್ಕಟ ಮಾಡಿ ಕೊಡ್ತೀವಿ. ಬಿಲ್ ಕಳೆದಿದ್ರೂ ನಡೀತದ, ನಮ್ಮ ಪುಸ್ತಕದಾಗ ಇರ್ತದ.’

ಇದರಲ್ಲಿ ಒಂದು ಮಾತನ್ನು ಕಳಿಸುವ ಮುಂಚೆ ಹೊಡೆದುಹಾಕಬೇಕು. ‘ಮಜೂರಿಯಾಗ ಸ್ವಲ್ಪ ಕಮ್ಮಿ ಮಾಡ್ತೀವಿ’ ಎಂಬುದು ಒಳ್ಳೆಯ ಮನಸ್ಸಿನಿಂದ ಬಂದದ್ದೇ. ಆದರೆ ಅದನ್ನು ಓದಿದ ಪ್ರತಿಯೊಬ್ಬನೂ ಫೋನಿನಲ್ಲಿ ಅದರ ಚಿತ್ರ ಹಿಡಿದುಕೊಂಡು ಬರುತ್ತಾನೆ, ‘ಅವರಿಗೆ ಮಾಡೀರಿ, ನಮಗ್ಯಾಕಿಲ್ಲ’ ಎಂದು ಕೇಳುತ್ತಾನೆ. ಬಿಲ್ಲಿನ ಹಿಂದೆ ಅಚ್ಚಾಗಿರುವ ಶರತ್ತು, ಗೋಡೆಯ ಬೋರ್ಡು, ಈ ಉತ್ತರ, ಮೂರೂ ಒಂದೇ ಮಾತು ಹೇಳಬೇಕು. ರಿಯಾಯಿತಿ ಕೊಡುವುದಿದ್ದರೆ ಗಲ್ಲೆಯಲ್ಲಿ ಕೊಡಿ. ಇನ್ನೊಂದು ಎಚ್ಚರ, ನಕ್ಷತ್ರ ಹೆಚ್ಚಿಸಿದರೆ ಇಷ್ಟು ಬಿಡುತ್ತೇನೆ ಎಂಬ ಮಾತನ್ನು ಖಾಸಗಿಯಾಗಿಯೂ ಆಡಬಾರದು. ದುಡ್ಡು, ರಿಯಾಯಿತಿ ಕೊಟ್ಟು ಅಭಿಪ್ರಾಯ ಬರೆಸುವುದನ್ನೂ ಬದಲಿಸುವುದನ್ನೂ ಗೂಗಲ್ ನಿಯಮ ನಿಷೇಧಿಸುತ್ತದೆ.

ಫೋನಿನ ವಿಷಯದಲ್ಲಿ ‘ನಮ್ಮ ತಪ್ಪು’ ಅಂದದ್ದು ಗಿರಾಕಿಯನ್ನು ತಣಿಸಲಿಕ್ಕಲ್ಲ. ಅದು ನಡೆದದ್ದು ನಿಜವಾಗಿದ್ದರೆ ಮಾತ್ರ ಬರೆಯಬೇಕು. ವೈಂಡಿಂಗ್ ಬಗ್ಗೆ ತಪ್ಪೊಪ್ಪಿಗೆಯೂ ಇಲ್ಲ, ಅಲ್ಲಗಳೆಯುವುದೂ ಇಲ್ಲ. ಮೋಟಾರು ಇನ್ನೂ ಬಿಚ್ಚಿಲ್ಲವಲ್ಲ.

ಈ ಉತ್ತರದ ಎದೆಯಿರುವುದು ‘ನಿಮ್ಮ ಮುಂದೇ ಬಿಚ್ತೀವಿ’ ಎಂಬಲ್ಲಿ. ಇನ್ನೂ ಮೋಟಾರು ಸುಡದ, ಮುಂದಿನ ವರ್ಷ ಸುಡಬಹುದಾದ ಓದುಗನಿಗೆ ಅಂಗಡಿಯ ಸ್ವಭಾವ ಅಷ್ಟರಲ್ಲೇ ತಿಳಿಯುತ್ತದೆ. ಅದೇ ಮಾತು ಎಲ್ಲ ಉತ್ತರಗಳಲ್ಲೂ ಇರಬೇಕು. ಮರಾಠಿಯಲ್ಲಿ ಬರೆದವರಿಗೆ ‘ಮೋಟಾರ್ ಘೇಊನ್ ಯಾ, ತುಮಚ್ಯಾ ಸಮೋರ್ ಉಘಡತೋ’, ದಖ್ಖನಿಯಲ್ಲಿ ಬರೆದವರಿಗೆ ‘ಲೇಕೆ ಆಓ ಭಾಯ್, ತುಮಾರೆ ಸಾಮ್ನೇಚ್ ಖೋಲ್ತೇಂ’. ನಮ್ಮ ಅಂಗಡಿಕಾರರು ಗಲ್ಲೆಯಲ್ಲಿ ದಿನವೂ ಈ ಮೂರು ಭಾಷೆಗಳಲ್ಲಿ ಓಡಾಡುತ್ತಾರೆ, ಯಾರಿಗೂ ಪ್ರಯಾಸವಿಲ್ಲ. ಬರೆಯುವಾಗ ಮಾತ್ರ ಯಾಕೆ ಇಂಗ್ಲಿಷಿಗೆ ಓಡಬೇಕು? ಗಿರಾಕಿ ಯಾವ ಭಾಷೆಯಲ್ಲಿ ಬರೆದನೋ ಅದರಲ್ಲೇ ಉತ್ತರ ಕೊಡಿ, ಆ ಭಾಷೆಯ ಲಿಪಿಯಲ್ಲೇ ಕೊಡಿ. ಕೈಯಲ್ಲಿ ಟೈಪ್ ಮಾಡಲು ಬಾರದವರು ಫೋನಿಗೆ ಮಾತಾಡಿದರೂ ಅಕ್ಷರವಾಗುತ್ತದೆ. ಹಾಗೆ ಮಾತಾಡಿ ಬರೆಸಿದಾಗ ಗಲ್ಲೆಯ ದನಿ ತಾನಾಗಿಯೇ ಬರುತ್ತದೆ ಎಂಬುದು ನನ್ನ ಅನುಭವ. ವಂದನೆಯ ಮಾತೊಂದರಲ್ಲಿ ಎಚ್ಚರ ಬೇಕು. ಮನೆಯಲ್ಲಿ ‘ಶರಣ್ರಿ’ ಅನ್ನುವವರೂ ಎಲ್ಲ ಜಾತಿಮತದ ಗಿರಾಕಿಗಳು ಓದುವ ಕಡೆ ‘ನಮಸ್ಕಾರ್ರಿ’ ಅನ್ನುವುದು ಲೇಸು.

ಉತ್ತರ ಬರೆದರೆ ದೂರು ಕಡಿಮೆಯಾಗುತ್ತದೆಯೇ? ಪ್ರೊಸೆರ್ಪಿಯೋ ಮತ್ತು ಜೆರ್ವಾಸ್ ಎಂಬ ಇಬ್ಬರು 2017ರಲ್ಲಿ ‘ಮಾರ್ಕೆಟಿಂಗ್ ಸೈನ್ಸ್’ ಪತ್ರಿಕೆಯಲ್ಲಿ ಅಮೆರಿಕದ ಟೆಕ್ಸಸ್‌ನ ಹೋಟೆಲುಗಳ ಅಧ್ಯಯನ ಪ್ರಕಟಿಸಿದರು. ಉತ್ತರ ಕೊಡತೊಡಗಿದ ಹೋಟೆಲುಗಳಿಗೆ ಅಭಿಪ್ರಾಯಗಳು ಶೇ 12ರಷ್ಟು ಹೆಚ್ಚಿದವು, ಸರಾಸರಿ ನಕ್ಷತ್ರ 0.12ರಷ್ಟು ಏರಿತು. ದೂರುಗಳು ವಿರಳವಾದವು, ಆದರೆ ಬಂದವು ಮೊದಲಿಗಿಂತ ಉದ್ದವಾಗಿದ್ದವು. ಮಾಲೀಕ ಓದಿ ಉತ್ತರಿಸುತ್ತಾನೆಂದು ಗೊತ್ತಾದಾಗ ಜನ ಆಧಾರವಿಲ್ಲದ ಗೊಣಗಾಟ ಬಿಟ್ಟು ವಿವರವಾಗಿ ಬರೆಯುತ್ತಾರೆ ಎಂಬುದು ಅವರ ವಿವರಣೆ. ನಕ್ಷತ್ರದ ಏರಿಕೆ ಸಣ್ಣದು, ಹೋಟೆಲಿನ ಲೆಕ್ಕ ವೈಂಡಿಂಗ್ ಅಂಗಡಿಗೆ ಹಾಗೇ ಹೊಂದುತ್ತದೆ ಎಂದು ನಾನು ಹೇಳಲಾರೆ. ಆದರೆ ಉದ್ದದ ದೂರು ನಮ್ಮ ಮಿಸ್ತ್ರಿಗೆ ಲಾಭವೇ. ‘ಬೇಕಾರ್ ಅಂಗಡಿ’ ಎಂಬ ಎರಡು ಪದದಿಂದ ಏನೂ ಸಿಗುವುದಿಲ್ಲ. ‘ರಾತ್ರಿ ಪಾಳಿಯಾಗ ಲೈಟ್ ಬಂತು, ಆಟೋ ಹಾಕಿದ್ದೆ, ಬೆಳಗ್ಗೆ ನೋಡಿದ್ರ ಸುಟ್ಟಿತ್ತು’ ಎಂದು ಬರೆದರೆ ಕಾರಣದ ಅರ್ಧ ದಾರಿ ಸಿಕ್ಕಿತು. ಯಾರೂ ಇಲ್ಲದ ಹೊತ್ತಿನಲ್ಲಿ ಆಟೋ ಸ್ಟಾರ್ಟರ್ ಮೋಟಾರು ಶುರು ಮಾಡಿದಾಗ ಒಂದು ಫೇಸ್ ಇಲ್ಲದಿದ್ದರೆ, ಸಿಂಗಲ್ ಫೇಸ್ ಪ್ರಿವೆಂಟರ್ ಇಲ್ಲದ ಮೋಟಾರು ಉಳಿಯುವುದು ಕಷ್ಟ. ಅಂಥ ದೂರಿಗೆ ಕೊಡುವ ಉತ್ತರದಲ್ಲಿ ಪ್ರಿವೆಂಟರ್ ಬಗ್ಗೆ ಹೇಳಿದರೆ ಹತ್ತು ಜನ ರೈತರು ಓದಿ ಹಾಕಿಸಿಕೊಳ್ಳುತ್ತಾರೆ.

ಗಿರಾಕಿಯೇ ಅಲ್ಲದವರು ಬರೆದ ದೂರೂ ಬರುತ್ತದೆ. ಅದನ್ನು ಗೂಗಲ್‌ಗೆ ವರದಿ ಮಾಡಬಹುದು. ಸುಳ್ಳು ಗಿರಾಕಿ, ಬೈಗುಳ ಇಂಥ ನಿಯಮಭಂಗ ಕಂಡರೆ ಅವರು ತೆಗೆಯುತ್ತಾರೆ, ಅಂಗಡಿ ಮತ್ತು ಗಿರಾಕಿಯ ನಡುವಿನ ನಿಜ–ಸುಳ್ಳಿನ ಪಂಚಾಯಿತಿ ಮಾಡುವುದಿಲ್ಲ. ಅಲ್ಲಿಯವರೆಗೆ ಒಂದೇ ಸಲ, ತಣ್ಣಗೆ ಬರೆಯಿರಿ: ‘ನಮ್ಮ ಪುಸ್ತಕದಾಗ ಈ ಹೆಸರಿನ ಕೆಲಸ ಸಿಗಲಿಲ್ರಿ. ಬಿಲ್ ಇದ್ರ ತಗೊಂಡ ಬರ್ರಿ, ನೋಡೋಣ.’ ‘ಇದು ಎದುರಿನ ಅಂಗಡಿಯವನ ಕೆಲಸ’ ಎಂದು ಬರೆದರೆ ಹುಡುಕಾಟಕ್ಕೆ ಬಂದವನು ಎದುರಿನ ಅಂಗಡಿಯನ್ನೂ ನೋಡಿ ಬರುತ್ತಾನೆ.

ನಮ್ಮ ಉದಾಹರಣೆಯ ಗಿರಾಕಿ ಮೋಟಾರು ತಂದ ಎಂದಿಟ್ಟುಕೊಳ್ಳಿ. ಬಿಚ್ಚಿದಾಗ ಜಾಯಿಂಟಿನಲ್ಲಿ ನೀರು ಹೊಕ್ಕಿತ್ತು, ಅಂಗಡಿಯ ತಪ್ಪೇ. ಬಹಳ ಜನ ಇಲ್ಲಿಗೆ ಸುಮ್ಮನಾಗುತ್ತಾರೆ. ಒಂದು ದೂರಿಗೆ ಮಾಲೀಕನ ಉತ್ತರ ಒಂದೇ ಇರುತ್ತದೆ, ಆದರೆ ಅದನ್ನು ಯಾವಾಗ ಬೇಕಾದರೂ ತಿದ್ದಬಹುದು. ಮೊದಲಿನ ಸಾಲುಗಳನ್ನು ಅಳಿಸದೆ ಕೆಳಗೆ ತಿಂಗಳು ಹಾಕಿ ಸೇರಿಸಿ: ‘ಮೇ: ಬಿಚ್ಚಿ ನೋಡಿದ್ವಿ. ಜಾಯಿಂಟಿನಾಗ ನೀರು ಹೊಕ್ಕಿತ್ತು, ನಮ್ದೇ ತಪ್ಪು. ಪುಕ್ಕಟ ಮಾಡಿ ಕೊಟ್ಟೀವ್ರಿ.’ ಮುಂದೆ ಗಿರಾಕಿ ತನ್ನ ಬರಹ ತಿದ್ದಿ ನಾಲ್ಕು ನಕ್ಷತ್ರ ಕೊಟ್ಟರೆ ಹಳೆಯ ಉತ್ತರ ಹಾಗೇ ಕೆಳಗೆ ಉಳಿದು, ಮೆಚ್ಚುಗೆಗೆ ಕ್ಷಮೆ ಕೇಳಿದ ಹಾಗೆ ಕಾಣುತ್ತದೆ. ಆಗ ಇನ್ನೊಮ್ಮೆ ತಿದ್ದಬೇಕು, ಮೊದಲ ದೂರು ಏನಿತ್ತೆಂದು ಒಂದು ಸಾಲಿನಲ್ಲಿ ಹೇಳಿ. ಅವನು ನಕ್ಷತ್ರ ಬದಲಿಸದೇ ಇದ್ದರೆ ಕೇಳಲು ಹೋಗಬೇಡಿ. ಸೇರಿಸಿದ ಆ ಸಾಲನ್ನು ಹಾಗೇ ಬಿಟ್ಟು ಮುಂದಿನ ದೂರಿಗೆ ಹೋಗಿ.