21 ದಿನ, ಒಂದೇ ಕೊನೇ ಸಾಲು

21 ದಿನದ ಕೃತಜ್ಞತಾ ಪ್ರಾರ್ಥನೆಯ ಚಾಲೆಂಜು ನಿಮ್ಮ ಫೋನಿಗೂ ಬಂದಿರತ್ತೆ. ದಿನಕ್ಕೊಂದು ಕಾರ್ಡು. ಮೇಲೆ ಆವತ್ತಿನ ವಿಷಯ, ನಡುವೆ ನೀವು ಬರೆಯೋಕೆ ಮೂರ್ನಾಲ್ಕು ಸಾಲಿನ ಜಾಗ, ಕೆಳಗೆ ಎಲ್ಲರೂ ಹೇಳಬೇಕಾದ ಒಂದು ಸಾಲು. ನಾನು ಪೂರ್ತಿ ಬರೆದು ಮುಗಿಸಿದ ಸರಣಿಯಲ್ಲಿ ಆ ಸಾಲು ಹೀಗಿತ್ತು: 'ಇರುವುದೇ ಸಾಕು ತಂದೆ, ಇರುವುದಕ್ಕೇ ಶರಣು.' ಒಂದನೇ ದಿನ ಉಸಿರು, ಎರಡನೇ ದಿನ ನಲ್ಲಿ ನೀರು, ಏಳನೇ ದಿನ ಅಡುಗೆ ಮಾಡಿದ ಕೈ, ಹನ್ನೊಂದನೇ ದಿನ ಉದ್ಯೋಗ, ಹದಿನಾಲ್ಕನೇ ದಿನ ನಮ್ಮನ್ನು ನೋಯಿಸಿದವರು. ವಿಷಯ ಏನೇ ಇರಲಿ, ಕೊನೆಗೆ ಅದೇ ಸಾಲು.

ಇಂಥವನ್ನು ಕಂಡರೆ ನಗೋದು ಸುಲಭ. ನನಗೆ ನಗು ಬರಲಿಲ್ಲ, ಯಾಕಂದ್ರೆ ವಿಷಯಗಳನ್ನು ಯಾರೋ ಯೋಚನೆ ಮಾಡಿಯೇ ಆರಿಸಿದ್ದರು. ಎರಡನೇ ದಿನದ್ದನ್ನೇ ನೋಡಿ. 'ನೀರಿಗೆ ಕೃತಜ್ಞತೆ' ಅಂತ ಸುಮ್ಮನೆ ಬಿಟ್ಟಿರಲಿಲ್ಲ. 'ಇವತ್ತು ನಿಮ್ಮ ನಲ್ಲಿಗೆ ನೀರು ಎಲ್ಲಿಂದ ಬಂತು, ಯಾರ ಕೈ ದಾಟಿ ಬಂತು, ಬರೆಯಿರಿ' ಎಂದಿತ್ತು. ಬೆಂಗಳೂರಿನಲ್ಲಿ ಕೂತು ಇದನ್ನು ಬರೆಯೋಕೆ ಹೊರಟರೆ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಹೊರಡೋದು, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಪಂಪಾಗಿ ಮೇಲೇರೋದು, ಕೊನೆಗೆ ನಮ್ಮ ಬೀದಿಯಲ್ಲಿ ವಾಲ್ವು ತಿರುಗಿಸಿ ನೀರು ಬಿಡುವವರು ಎಲ್ಲಾ ನೆನಪಾಗ್ತಾರೆ. ಗೊತ್ತಿಲ್ಲದಿದ್ದರೆ ಕೇಳಿ ತಿಳ್ಕೋಬೇಕಾಗತ್ತೆ. ಒಂದು ಪ್ರಶ್ನೆಯಿಂದ ಇಷ್ಟು ಕೆಲಸ ಆಗೋದು ಸಣ್ಣ ವಿಷಯವಲ್ಲ.

ಕೃತಜ್ಞತೆ ಅನ್ನೋ ಪದವನ್ನು ಬಿಡಿಸಿದರೂ ಇದೇ ಸಿಗತ್ತೆ. ಕೃತ ಅಂದರೆ ಮಾಡಿದ್ದು, ಜ್ಞ ಅಂದರೆ ಅರಿತವ. ನನಗಾಗಿ ಯಾರೋ ಏನೋ ಮಾಡಿದ್ದಾರೆ, ಅದು ನನಗೆ ಗೊತ್ತಿದೆ ಅನ್ನೋದು ಕೃತಜ್ಞತೆ. ಅದರೊಳಗೆ ಒಬ್ಬ ಮಾಡಿದವ ಇರಬೇಕು, ಒಂದು ಮಾಡಿದ ಕೆಲಸ ಇರಬೇಕು. 'ಇರುವುದೇ ಸಾಕು' ಅನ್ನೋದು ಬೇರೆ ಭಾವ. ಅದು ತೃಪ್ತಿ. ತೃಪ್ತಿಯೂ ದೊಡ್ಡ ಗುಣವೇ, ಆದರೆ ಅದರಲ್ಲಿ ಮಾಡಿದವನ ಸುಳಿವೇ ಇಲ್ಲ. ಸರಣಿಯ ವಿಷಯಗಳು ಕೃತಜ್ಞತೆಯನ್ನು ಕೇಳ್ತವೆ, ಕೊನೇ ಸಾಲು ತೃಪ್ತಿಯನ್ನು ಹೇಳಿಸತ್ತೆ. ಸರಣಿ ಎಡವೋದು ಇಲ್ಲೇ.

ನೀರಿನ ದಿನ ಈ ಬಿರುಕು ಕಾಣೋದಿಲ್ಲ. ಹನ್ನೊಂದನೇ ದಿನ ಕಾಣತ್ತೆ. ವಿಷಯ ಉದ್ಯೋಗ. ಮೂರು ತಿಂಗಳ ಸಂಬಳ ಬಾಕಿ ಇರುವವನು ಆವತ್ತು ಏನು ಬರೀಬೇಕು? ಆಫೀಸಿನಲ್ಲಿ ತನ್ನ ಪಾಲಿನ ಕೆಲಸಾನೂ ಮಾಡಿಕೊಟ್ಟ ಗೆಳತಿಯ ಬಗ್ಗೆ ಬರೆದರೆ ಅದು ನಿಜವಾದ ಕೃತಜ್ಞತೆ. ಆದರೆ ಅದರ ಕೆಳಗೆ 'ಇರುವುದೇ ಸಾಕು' ಅಂತ ಹೇಳಿದ ಕೂಡಲೇ ಗೆಳತಿ ಮಾಯ, ಬಾಕಿ ಸಂಬಳ ಕೇಳೋ ಬಾಯಿಯೂ ಬಂದ್. ಹದಿನಾಲ್ಕನೇ ದಿನ ಇನ್ನೂ ಕಷ್ಟ. 'ನಿಮ್ಮನ್ನು ನೋಯಿಸಿದವರು ಕಲಿಸಿದ ಪಾಠ ನೆನೆಯಿರಿ' ಅಂತ ಕಾರ್ಡು. ಹಳೇ ಜಗಳವೊಂದನ್ನು ದಾಟಿ ಬಂದವರಿಗೆ ಇದು ಸರಿಹೋಗಬಹುದು. ಮನೆಯಲ್ಲಿ ಈಗಲೂ ಏಟು ತಿಂತಿರುವ ಹೆಂಗಸು ಅದನ್ನು ಬರೆದು, ಕೆಳಗೆ ಇರುವುದಕ್ಕೇ ಶರಣು ಅಂದರೆ? ಪ್ರಾರ್ಥನೆಯ ಹೆಸರಲ್ಲಿ ಅವಳ ಕೈಲಿ ನಾವು ಬರೆಸಿದ್ದು ರಾಜಿಪತ್ರ.

ಹಾಗಂತ ಒಂದೇ ಸಾಲು ಮತ್ತೆ ಮತ್ತೆ ಬರೋದೇ ತಪ್ಪು ಅಂತಲ್ಲ. ನಮ್ಮ ವಚನಗಳ ಅಂಕಿತ ಮತ್ತೇನು? ಬಸವಣ್ಣನವರ ವಚನಗಳ ಕೊನೆಗೆ ಕೂಡಲಸಂಗಮದೇವ ಬರ್ತಾನೆ. ಒಂದು ಕಡೆ ಅವನ ಮುಂದೆ ಬೇಡಿಕೆ, ಇನ್ನೊಂದು ಕಡೆ ಜಗಳ, ಮತ್ತೊಂದು ಕಡೆ ತನ್ನನ್ನೇ ಬೈದುಕೊಳ್ಳೋದು. ಹೆಸರು ಅದೇ, ದನಿ ಬೇರೆ. ಅಂಕಿತ ಒಬ್ಬನನ್ನು ಕರೆಯತ್ತೆ, ಕರೆದ ಮೇಲೆ ಏನು ಹೇಳಬೇಕು ಅನ್ನೋದನ್ನು ನಮಗೇ ಬಿಡತ್ತೆ. ಬೈಬಲಿನ 136ನೇ ಕೀರ್ತನೆಯ 26 ವಚನಗಳಲ್ಲೂ ದೇವರ ಕರುಣೆಗೆ ಕೊನೆಯಿಲ್ಲ ಎಂಬರ್ಥದ ಪಲ್ಲವಿ ಬರತ್ತೆ. ಅಲ್ಲಿ ಪಲ್ಲವಿಗೆ ಮುಂಚೆ ಪ್ರತಿಸಲವೂ ಒಂದು ನಿರ್ದಿಷ್ಟ ಕೆಲಸದ ಹೆಸರಿದೆ, ಅಥವಾ ಮಾಡಿದವನ ಹೆಸರಿದೆ. ಎರಡೂ ಕಡೆ ಕೊನೇ ಸಾಲು ಒಬ್ಬನ ಕಡೆ ಕೈ ತೋರಿಸತ್ತೆ. ನಮ್ಮ ಕಾರ್ಡಿನ ಸಾಲಿನಲ್ಲಿ 'ತಂದೆ' ಇದ್ದಾನೆ ನಿಜ, ಆದರೆ ಅವನಿಗೆ ಏನು ಹೇಳಬೇಕು ಅನ್ನೋದು ಮೊದಲೇ ಅಚ್ಚಾಗಿದೆ.

21 ಅನ್ನೋ ಲೆಕ್ಕಕ್ಕೂ ಒಂದು ಕಥೆ ಇದೆ. ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ 1960ರಲ್ಲಿ ಬರೆದ ಪುಸ್ತಕದಲ್ಲಿ, ಹೊಸ ಮುಖಕ್ಕೆ ಒಗ್ಗಿಕೊಳ್ಳೋಕೆ ರೋಗಿಗಳಿಗೆ ಕಡಿಮೆ ಅಂದರೂ ಸುಮಾರು 21 ದಿನ ಬೇಕು ಅಂದಿದ್ದರು. ಬಾಯಿಂದ ಬಾಯಿಗೆ ಹೋಗ್ತಾ 'ಕಡಿಮೆ ಅಂದರೂ' ಉದುರಿತು, 'ಸುಮಾರು' ಉದುರಿತು, ಯಾವ ಅಭ್ಯಾಸವಾದರೂ 21 ದಿನದಲ್ಲಿ ಬರತ್ತೆ ಅಂತಾಯ್ತು. ಕೃತಜ್ಞತೆಗೇ ಸಂಬಂಧಪಟ್ಟ 21 ದಿನದ ಪ್ರಯೋಗವೂ ಒಂದಿದೆ. ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕಲೊ 2003ರಲ್ಲಿ ಪ್ರಕಟಿಸಿದ ಅಧ್ಯಯನದ ಒಂದು ಭಾಗ ಅದು. ನರ-ಸ್ನಾಯು ಕಾಯಿಲೆ ಇರುವವರಲ್ಲಿ ಒಂದು ಗುಂಪು 21 ದಿನ, ತಾವು ಕೃತಜ್ಞರಾಗಿರುವ ಸಂಗತಿಗಳನ್ನು ದಿನಾ ಬರೆಯಿತು. ಬರೆಯದವರಿಗಿಂತ ಅವರ ಮನಸ್ಸು ಹಗುರಾಗಿತ್ತು, ನಿದ್ದೆ ಚೆನ್ನಾಗಿತ್ತು. ಅಲ್ಲಿ ದಿನಕ್ಕೊಂದು ವಿಷಯ ಕೊಟ್ಟಿರಲಿಲ್ಲ, ಏನು ಬರೀಬೇಕು ಅನ್ನೋದನ್ನು ಬರೆಯುವವರೇ ಆರಿಸಿಕೊಂಡರು. ಎಲ್ಲರೂ ಹೇಳಬೇಕಾದ ಕೊನೇ ಸಾಲೂ ಇರಲಿಲ್ಲ.

ದಿನಾ ಬರೆಯೋದರಲ್ಲಿ ಇನ್ನೊಂದು ತೊಡಕಿದೆ. ಸೋನ್ಯಾ ಲ್ಯೂಬೊಮಿರ್ಸ್ಕಿ ಮತ್ತು ಸಂಗಡಿಗರು ಆರು ವಾರ ನಡೆಸಿದ ಪ್ರಯೋಗವೊಂದರಲ್ಲಿ ವಾರಕ್ಕೊಮ್ಮೆ ಬರೆದವರಿಗೆ ಉಪಯೋಗ ಆಯ್ತು, ವಾರಕ್ಕೆ ಮೂರು ಸಲ ಬರೆದವರಿಗೆ ಆಗಲಿಲ್ಲ. ಮತ್ತೆ ಮತ್ತೆ ಬರೆದು ಹಳಸಿಹೋಗಿರಬೇಕು ಅನ್ನೋದು ಅವರ ಊಹೆ. ಹಳಸಿದೆಯಾ ಅಂತ ಕಂಡುಕೊಳ್ಳೋಕೆ ಒಂದು ಸುಲಭ ಪರೀಕ್ಷೆ ಇದೆ. ಮೇಲಿನ ವಿಷಯವನ್ನು ಕೈಯಿಂದ ಮುಚ್ಚಿ, ನೀವು ಬರೆದದ್ದನ್ನು ಮಾತ್ರ ಓದಿ. ಅದು ಯಾವ ದಿನದ್ದು ಅಂತ ಹೇಳೋಕಾದರೆ ಸರಿ. 'ಅಮ್ಮ, ಆರೋಗ್ಯ, ಬೆಳಗಿನ ಕಾಫಿ' ಅಂತಿದ್ದರೆ, ಅದು ಮೂರನೇ ದಿನಕ್ಕೂ ಸಲ್ಲತ್ತೆ, ಹತ್ತೊಂಬತ್ತನೇ ದಿನಕ್ಕೂ ಸಲ್ಲತ್ತೆ. ಬೇಗ ಹಳಸಿಸೋದರಲ್ಲಿ ಕೊನೇ ಸಾಲಿನ ಪಾತ್ರವೂ ಇದೆ. ಏನು ಬರೆದರೂ ಸೇರೋದು ಅಲ್ಲಿಗೇ ಅಂತ ಗೊತ್ತಾದ ಮೇಲೆ, ನಡುವಿನ ಸಾಲುಗಳಿಗೆ ಯಾರು ತಲೆ ಕೆಡಿಸಿಕೊಳ್ತಾರೆ?

ಈ ಸರಣಿಯನ್ನು ಎಸೆಯಿರಿ ಅಂತ ನಾನು ಹೇಳೋದಿಲ್ಲ. ವಿಷಯಗಳನ್ನು ಇಟ್ಟುಕೊಳ್ಳಿ. ವಾರಕ್ಕೊಂದರಂತೆ ತಗೊಂಡರೆ ಸುಮಾರು ಐದು ತಿಂಗಳು ಬರತ್ತೆ. ಹದಿನಾಲ್ಕನೆಯದು ನಿಮಗೆ ಒಗ್ಗದಿದ್ದರೆ ಹಾರಿಸಿ, ಯಾವ ದೇವರೂ ಹಾಜರಿ ತಗೊಳ್ಳೋದಿಲ್ಲ. ಕೊನೇ ಸಾಲು ಬೇಕೇಬೇಕು ಅನ್ನುವವರು ಅದನ್ನು ಹೀಗೆ ಬದಲಾಯಿಸಿ ನೋಡಿ: 'ಇದನ್ನು ಮಾಡಿದವರು ಇವರು, ನನಗೆ ಗೊತ್ತಿದೆ.' ನೀರಿನ ದಿನ ಈ ಸಾಲು ವಾಲ್ವು ತಿರುಗಿಸಿದವರ ಹೆಸರು ಕೇಳತ್ತೆ. ಉದ್ಯೋಗದ ದಿನ ಗೆಳತಿಯ ಹೆಸರು ಕೇಳತ್ತೆ, ಸಂಬಳ ಬಾಕಿ ಇಟ್ಟವರನ್ನೂ ಮರೆಯೋಕೆ ಬಿಡೋದಿಲ್ಲ. ಹದಿನಾಲ್ಕನೇ ದಿನ ಏಟು ಕೊಟ್ಟವನ ಹೆಸರು ಹೇಳಿ ಅಲ್ಲಿಗೇ ನಿಲ್ಲತ್ತೆ, ಅವನಿಗೆ ಶರಣು ಅನ್ನಿಸೋದಿಲ್ಲ.